ಲೇಬಲ್ ದುಬಾರಿಯಾದಾಗ ಯಾವ ಚಿತ್ರವನ್ನು ತಜ್ಞರ ಮುಂದಿಡಬೇಕು?

ಪ್ರಶ್ನೆ

ಸೂಕ್ಷ್ಮದರ್ಶಕದಲ್ಲಿ ತೆಗೆದ ಪರಾಗಕಣಗಳ 38,000 ಚಿತ್ರಗಳು ನನ್ನ ಬಳಿ ಇವೆ. ವರ್ಗಗಳು 9, ಲೇಬಲ್ ಇರುವುದು 520 ಚಿತ್ರಗಳಿಗೆ ಮಾತ್ರ. ಗುರುತಿಸಬಲ್ಲ ತಜ್ಞೆ ಒಬ್ಬರೇ. ಅವರಿಗೆ ವಾರಕ್ಕೆ 2 ಗಂಟೆ ಬಿಡುವು, ಅಂದರೆ ಹೆಚ್ಚೆಂದರೆ 60 ಚಿತ್ರಗಳು. ಯಾವ ಚಿತ್ರಕ್ಕೆ ಲೇಬಲ್ ಬೇಕೆಂದು ಮಾಡೆಲ್‌ನಿಂದಲೇ ಆರಿಸುವ ಆಕ್ಟಿವ್ ಲರ್ನಿಂಗ್ ಮಾಡಬೇಕೋ, ಲೇಬಲ್ ಇಲ್ಲದ ಚಿತ್ರಗಳನ್ನೂ ತರಬೇತಿಗೆ ಬಳಸುವ ಸೆಮಿ-ಸೂಪರ್‌ವೈಸ್ಡ್ ಮಾಡಬೇಕೋ? ಇಂಥ ಕೆಲಸ ಮಾಡಿದವರು ದಯವಿಟ್ಟು ಅನುಭವ ಹಂಚಿಕೊಳ್ಳಿ.

ಉತ್ತರ 1

ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಪ್ರಮೇಯವೇ ಇಲ್ಲ, ಎರಡನ್ನೂ ಒಟ್ಟಿಗೆ ಮಾಡಿ. ಇರುವ 520 ಚಿತ್ರಗಳಿಂದ ಮಾಡೆಲ್ ತಯಾರಿಸಿ ಉಳಿದವುಗಳ ಮೇಲೆ ಓಡಿಸಿದರೆ, ಅದು ಅತಿ ಹೆಚ್ಚು ಗೊಂದಲಪಟ್ಟ 60 ಚಿತ್ರಗಳು ತಜ್ಞೆಗೆ ಹೋಗುತ್ತವೆ, 0.95ಕ್ಕಿಂತ ಹೆಚ್ಚಿನ ಖಚಿತತೆಯಿಂದ ಹೇಳಿದ ಚಿತ್ರಗಳಿಗೆ ಅದರ ಉತ್ತರವನ್ನೇ ಹುಸಿ ಲೇಬಲ್ ಆಗಿ ಇಟ್ಟುಕೊಳ್ಳಬಹುದು. ಗೊಂದಲದ ಕಡೆಯನ್ನು ಮನುಷ್ಯರು, ಖಚಿತವಾದ ಕಡೆಯನ್ನು ಯಂತ್ರ ನೋಡಿಕೊಳ್ಳುವುದರಿಂದ ಎರಡೂ ವಿಧಾನಗಳು ಒಂದಕ್ಕೊಂದು ಅಡ್ಡ ಬರುವುದಿಲ್ಲ. 2020ರಲ್ಲಿ ಬಂದ ಫಿಕ್ಸ್‌ಮ್ಯಾಚ್ ಎಂಬ ಸೆಮಿ-ಸೂಪರ್‌ವೈಸ್ಡ್ ವಿಧಾನ ಸಿಫಾರ್-10 ಚಿತ್ರಸಂಗ್ರಹದಲ್ಲಿ ಕೇವಲ 250 ಲೇಬಲ್‌ಗಳಿಂದ ಶೇ. 95ರ ಹತ್ತಿರದ ನಿಖರತೆಯನ್ನು ತಲುಪಿತ್ತು. ನಿಮ್ಮ ಬಳಿ ಅದರ ಎರಡರಷ್ಟು ಲೇಬಲ್‌ಗಳಿರುವುದರಿಂದ ಚಿಂತಿಸುವ ಅಗತ್ಯ ಕಾಣುವುದಿಲ್ಲ.

ಉತ್ತರ 2

ನಮ್ಮ ಕೆಲಸ ಚಿತ್ರಗಳದ್ದಲ್ಲ, ದೂರು ಪತ್ರಗಳನ್ನು ವಿಷಯವಾರು ವಿಂಗಡಿಸುವುದು. ಅಲ್ಲಿ ನಾವು ಒಂದೇ ಪತ್ರವನ್ನು ಮೂವರಿಗೆ ಕೊಟ್ಟು ಬಹುಮತದ ಉತ್ತರವನ್ನು ಲೇಬಲ್ ಎಂದು ತೆಗೆದುಕೊಳ್ಳುತ್ತಿದ್ದೆವು. ನೀವೂ ಇನ್ನಿಬ್ಬರನ್ನು ಹುಡುಕಿ ತರಬೇತಿ ಕೊಟ್ಟರೆ ಕೆಲಸ ಹಂಚಿಹೋಗುತ್ತದೆ. ಮಾಡೆಲ್ ಆರಿಸಿಕೊಟ್ಟ ಗೊಂದಲದ ಪತ್ರಗಳಲ್ಲಿ ಮೂವರೂ ಮೂರು ದಾರಿ ಹಿಡಿಯುತ್ತಿದ್ದರು ಎಂಬುದನ್ನೂ ಹೇಳಬೇಕು. ಸುಲಭದ ಪತ್ರಗಳಲ್ಲಿ ಅಪರೂಪವಾಗಿದ್ದ ಭಿನ್ನಾಭಿಪ್ರಾಯ ಅಂಥವುಗಳಲ್ಲಿ ಸಾಮಾನ್ಯವಾಗಿತ್ತು.

ಪ್ರಶ್ನೆ ಕೇಳಿದವರು

ಇನ್ನಿಬ್ಬರು ಸಿಗುವಂತಿದ್ದರೆ ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಪರಾಗವನ್ನು ಗುರುತಿಸಲು ಕಲಿಯುವುದಕ್ಕೆ ವರ್ಷಗಳೇ ಬೇಕು. ಮೊದಲ ಉತ್ತರದಂತೆ ಈ ವಾರ ಮಾಡಿ ನೋಡಿದೆ. ಮಾಡೆಲ್ ಆರಿಸಿದ 60ರಲ್ಲಿ 37 ಚಿತ್ರಗಳು ಗಾಳಿಗುಳ್ಳೆ, ಒಡೆದ ಕಣ, ಶಿಲೀಂಧ್ರದ ಬೀಜಕ ಅಥವಾ ಫೋಕಸ್ ತಪ್ಪಿದ ಚಿತ್ರಗಳಾಗಿದ್ದವು. ಉಳಿದ 23ರಲ್ಲಿ ಹೆಚ್ಚಿನವು ಒಂದೇ ಸ್ಲೈಡಿನ, ಒಂದೇ ಬಗೆಯ ಹುಲ್ಲಿನ ಪರಾಗಗಳು. ತಜ್ಞೆ ಬೇಸರಪಟ್ಟುಕೊಂಡರು. 520 ಲೇಬಲ್‌ಗಳ ಬಗ್ಗೆಯೂ ಹೇಳಿಬಿಡುತ್ತೇನೆ: ಒಟ್ಟು 41 ಸ್ಲೈಡ್‌ಗಳಿದ್ದು, ಅವುಗಳಲ್ಲಿ ಮೂರರಿಂದ ಮಾತ್ರ ಸ್ಪಷ್ಟವಾಗಿ ಕಾಣುವ ಕಣಗಳನ್ನು ಆರಿಸಿ ಲೇಬಲ್ ಮಾಡಿದ್ದೆವು.

ಉತ್ತರ 3

ಆ ಕೊನೆಯ ವಾಕ್ಯವೇ ನಿಮ್ಮ ಸಮಸ್ಯೆಯ ಬುಡ. ಮೂರು ಸ್ಲೈಡ್‌ಗಳ ಸ್ಪಷ್ಟ ಕಣಗಳನ್ನಷ್ಟೇ ಕಂಡ ಮಾಡೆಲ್‌ಗೆ ಗುಳ್ಳೆ ಎಂಬ ವಸ್ತು ಇದೆಯೆಂಬುದೇ ಗೊತ್ತಿಲ್ಲ. ಗೊತ್ತಿರುವ ಒಂಬತ್ತು ವರ್ಗಗಳ ನಡುವೆ ಅದನ್ನು ಎಲ್ಲಿಗೂ ಸೇರಿಸಲಾಗದೆ ತಡಕಾಡುತ್ತದೆ, ನಾವು ಆ ತಡಕಾಟವನ್ನೇ ಉಪಯುಕ್ತ ಗೊಂದಲವೆಂದು ಭಾವಿಸಿ ತಜ್ಞರ ಸಮಯವನ್ನು ಅದಕ್ಕೆ ಸುರಿಯುತ್ತೇವೆ. ಮೊದಲ ಉತ್ತರದಲ್ಲಿ ಹೇಳಿದ ಚೌಕಟ್ಟು ಸರಿಯಾಗಿಯೇ ಇದೆ. ಆದರೆ ಸಿಫಾರ್-10ರಲ್ಲಿ ಲೇಬಲ್ ಇಲ್ಲದ ಚಿತ್ರಗಳೂ ಆ ಹತ್ತು ವರ್ಗಗಳವೇ ಆಗಿರುತ್ತವೆ, ಪ್ರತಿ ವರ್ಗದಲ್ಲೂ ಸಮಾನ ಸಂಖ್ಯೆಯ ಚಿತ್ರಗಳಿರುತ್ತವೆ, ಕಸವೆಂಬುದೇ ಇರುವುದಿಲ್ಲ. ಆದ್ದರಿಂದ ಆ ಅಂಕಿಯನ್ನು ನಿಮ್ಮ 38,000 ಚಿತ್ರಗಳಿಗೆ ಹೊಂದಿಸಿ ನೋಡಲಾಗದು. ಲೇಬಲ್ ಇಲ್ಲದ ರಾಶಿಯಲ್ಲಿ ಹೊರಗಿನ ವರ್ಗಗಳು ಸೇರಿಕೊಂಡರೆ ಸೆಮಿ-ಸೂಪರ್‌ವೈಸ್ಡ್ ವಿಧಾನಗಳು ಆ ರಾಶಿಯನ್ನು ಬಳಸದೆ ಇದ್ದುದಕ್ಕಿಂತಲೂ ಹಿಂದೆ ಬೀಳಬಹುದು ಎಂಬುದು 2018ರಲ್ಲೇ ವಿವರವಾದ ಹೋಲಿಕೆಯೊಂದರಲ್ಲಿ ಕಂಡುಬಂದಿತ್ತು.

ಮೊದಲು ಪರೀಕ್ಷೆಗೆಂದು ಎತ್ತಿಡುವ ಗುಂಪಿನ ವಿಷಯ, ಏಕೆಂದರೆ ಬಹಳಷ್ಟು ಮಂದಿ ಜಾರುವುದು ಅಲ್ಲಿಯೇ. 41 ಸ್ಲೈಡ್‌ಗಳಿಂದ 8 ಸ್ಲೈಡ್‌ಗಳನ್ನು ಚೀಟಿ ಎತ್ತಿದಂತೆ ಆರಿಸಿ ಪೂರ್ತಿಯಾಗಿ ಪಕ್ಕಕ್ಕಿಡಿ. ಅವುಗಳ ಒಂದು ಚಿತ್ರವೂ ತರಬೇತಿಗಾಗಲಿ ಹುಸಿ ಲೇಬಲ್‌ಗಾಗಲಿ ಬರಬಾರದು. ಒಂದೇ ಸ್ಲೈಡಿನ ಕಣಗಳಿಗೆ ಒಂದೇ ಬಣ್ಣದ ಲೇಪ, ಒಂದೇ ಬೆಳಕು ಇರುವುದರಿಂದ, ಅದೇ ಸ್ಲೈಡ್ ಎರಡೂ ಕಡೆ ಇದ್ದರೆ ಮಾಡೆಲ್ ಪರಾಗವನ್ನು ಕಲಿತಿದೆಯೋ ಸ್ಲೈಡನ್ನು ಕಲಿತಿದೆಯೋ ತಿಳಿಯುವುದಿಲ್ಲ. ಆ 8ರಿಂದ 300 ಚಿತ್ರಗಳನ್ನು ಯಾದೃಚ್ಛಿಕವಾಗಿ ತೆಗೆದು ತಜ್ಞೆಯಿಂದ ಲೇಬಲ್ ಮಾಡಿಸಿ. ಅದಕ್ಕೆ ಐದು ವಾರ ಬೇಕಾಗುತ್ತದೆ, ಕೇಳುವಾಗ ಹೊಟ್ಟೆ ಉರಿಯುತ್ತದೆ, ಆದರೂ ಇದರಲ್ಲಿ ಕೈ ಬಿಗಿಹಿಡಿಯಬೇಡಿ. 300 ಚಿತ್ರಗಳಲ್ಲಿ ಶೇ. 85 ನಿಖರತೆ ಬಂದರೆ ಅದರ ಏರುಪೇರು ಎರಡೂ ಬದಿಗೆ ಸುಮಾರು 4 ಅಂಶ. 100 ಚಿತ್ರಗಳಾದರೆ 7 ಅಂಶ. ಅಂದರೆ ಎರಡು ವಿಧಾನಗಳ ನಡುವಿನ ವ್ಯತ್ಯಾಸ ಮೂರು ಅಂಶವಷ್ಟೇ ಇದ್ದರೆ, 100 ಚಿತ್ರಗಳ ಪರೀಕ್ಷೆಯನ್ನು ನಂಬಿ ಯಾವುದನ್ನೂ ತೀರ್ಮಾನಿಸುವಂತಿಲ್ಲ. ಮಾಡೆಲ್ ಆರಿಸಿಕೊಟ್ಟ ಚಿತ್ರಗಳನ್ನು ಪರೀಕ್ಷೆಗೆ ಬಳಸಲೇಬೇಡಿ. ಅವು ಕಷ್ಟದವೇ ಆಗಿರುವುದರಿಂದ ನೈಜ ರಾಶಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಎರಡನೆಯದಾಗಿ, ಗುಳ್ಳೆ ಮತ್ತು ಫೋಕಸ್ ತಪ್ಪಿದ ಚಿತ್ರಗಳನ್ನು ಗುರುತಿಸಲು ತಜ್ಞೆ ಬೇಕಾಗಿಲ್ಲ. ನೀವೇ ಒಂದು ಸಂಜೆ ಕುಳಿತು ನಾನೂರು ಚಿತ್ರಗಳನ್ನು ಗುರುತಿಸಿ “ಪರಾಗವಲ್ಲ” ಎಂಬ ಹತ್ತನೆಯ ವರ್ಗ ಮಾಡಿ. ಬೀಜಕವೋ ಪರಾಗವೋ ಎಂಬ ಅನುಮಾನ ಬಂದವನ್ನು ಬಿಟ್ಟುಬಿಡಿ. ದುಬಾರಿ ಲೇಬಲ್ ಮತ್ತು ಅಗ್ಗದ ಲೇಬಲ್ ಒಂದೇ ಕೆಲಸದೊಳಗೆ ಬೆರೆತಿರುತ್ತವೆ, ಅವನ್ನು ಬೇರ್ಪಡಿಸಿದ್ದರಿಂದಲೇ ನಮ್ಮ ತಜ್ಞರ ಸಮಯದಲ್ಲಿ ಅರ್ಧದಷ್ಟು ಉಳಿದಿತ್ತು.

ಆಮೇಲೆ ಆಯ್ಕೆ. ಮೊದಲೇ ತರಬೇತಿ ಪಡೆದ ದೊಡ್ಡ ಚಿತ್ರ ಮಾಡೆಲ್‌ನಿಂದ ಪ್ರತಿ ಚಿತ್ರಕ್ಕೂ ಲಕ್ಷಣಗಳ ಸಾಲನ್ನು ಪಡೆದು, ಅದರ ಮೇಲೆ ಸರಳವಾದ ಲಾಜಿಸ್ಟಿಕ್ ರಿಗ್ರೆಶನ್ ಇಟ್ಟರೂ ಆರಂಭಕ್ಕೆ ಸಾಕು. ಅತಿ ಗೊಂದಲದ 60ನ್ನು ನೇರವಾಗಿ ತೆಗೆದುಕೊಂಡರೆ ನಿಮಗೆ ಆದಂತೆ ಒಂದೇ ಬಗೆಯ ಕಣಗಳು ಸಾಲುಗಟ್ಟಿ ಬರುತ್ತವೆ, ಏಕೆಂದರೆ ಒಂದು ಹುಲ್ಲಿನ ಕಣದಲ್ಲಿ ಗೊಂದಲಪಟ್ಟ ಮಾಡೆಲ್ ಅಂಥ ನೂರರಲ್ಲೂ ಗೊಂದಲಪಡುತ್ತದೆ. ಆದ್ದರಿಂದ ಮೊದಲು ಗೊಂದಲದ 2,000 ಚಿತ್ರಗಳನ್ನು ತೆಗೆದು, ಅವನ್ನು ಹೋಲಿಕೆಯ ಮೇಲೆ 40 ಗುಂಪುಗಳಾಗಿಸಿ, ಪ್ರತಿ ಗುಂಪಿನ ನಡುವಿಗೆ ಹತ್ತಿರವಿರುವ ಒಂದನ್ನು ಕಳುಹಿಸಿ. ಉಳಿದ 20 ಚಿತ್ರಗಳು ಯಾದೃಚ್ಛಿಕವಾಗಿರಲಿ. ಮಾಡೆಲ್ ಖಚಿತವಾಗಿ ತಪ್ಪುವ ಜಾಗಗಳು ಅವುಗಳಿಂದ ಮಾತ್ರ ಹೊರಬೀಳುತ್ತವೆ.

```python
p = np.sort(model.predict_proba(X), axis=1)
margin = p[:, -1] - p[:, -2]
cand = np.argsort(margin)[:2000]
km = KMeans(n_clusters=40, n_init=10).fit(X[cand])
pick = cand[km.transform(X[cand]).argmin(axis=0)]
```

ಇಲ್ಲಿ `X` ಎಂದರೆ ಪರೀಕ್ಷೆಯ 8 ಸ್ಲೈಡ್‌ಗಳನ್ನು ಬಿಟ್ಟು, ಲೇಬಲ್ ಇಲ್ಲದ ಚಿತ್ರಗಳ ಲಕ್ಷಣಗಳು. “ಪರಾಗವಲ್ಲ” ಎಂದು ಮಾಡೆಲ್ ಹೇಳಿದವನ್ನು ಮೊದಲೇ ತೆಗೆದುಹಾಕಿ.

ಹುಸಿ ಲೇಬಲ್‌ಗಳನ್ನು ನಾಲ್ಕೈದು ಸುತ್ತುಗಳಾದ ಮೇಲೆ ಮಾತ್ರ ಆರಂಭಿಸಿ. ನಾನು ಅವಸರಪಟ್ಟು ಪೆಟ್ಟು ತಿಂದಿದ್ದೇನೆ. ನೂರಕ್ಕೆ ಮೂರರಷ್ಟಿದ್ದ ಅಪರೂಪದ ವರ್ಗವೊಂದು 0.95ರ ಗೆರೆ ದಾಟಿದ ಚಿತ್ರಗಳಲ್ಲಿ ಶೇ. 0.5ಕ್ಕಿಂತಲೂ ಕಡಿಮೆಯಾಗಿತ್ತು. ಮಾಡೆಲ್ ಸಾಮಾನ್ಯ ವರ್ಗಗಳಲ್ಲಿ ಬೇಗ ಖಚಿತವಾಗುತ್ತದೆ, ಆ ಖಚಿತತೆಯಿಂದಲೇ ಮತ್ತೆ ಕಲಿಯುತ್ತದೆ, ಮುಂದಿನ ಸುತ್ತಿನಲ್ಲಿ ಅಪರೂಪದ್ದು ಇನ್ನಷ್ಟು ಕರಗುತ್ತದೆ. ಇಷ್ಟಾದರೂ ಒಟ್ಟು ನಿಖರತೆ ಮೇಲೇರುತ್ತಲೇ ಇದ್ದುದರಿಂದ ಮೂರು ವಾರ ನನಗೆ ಗೊತ್ತೇ ಆಗಲಿಲ್ಲ. ಆದ್ದರಿಂದ ಪ್ರತಿ ಸುತ್ತಿನಲ್ಲೂ ಹುಸಿ ಲೇಬಲ್‌ಗಳ ವರ್ಗವಾರು ಪಾಲನ್ನು, ಯಾದೃಚ್ಛಿಕವಾಗಿ ತೆಗೆದ ಚಿತ್ರಗಳಲ್ಲಿ ಕಂಡ ಪಾಲಿನ ಪಕ್ಕದಲ್ಲಿಟ್ಟು ನೋಡಿ. ಜೊತೆಗೆ ವಾರದ 60ರಲ್ಲಿ ಹತ್ತು ಜಾಗಗಳನ್ನು ಹುಸಿ ಲೇಬಲ್ ಪಡೆದ ಚಿತ್ರಗಳಿಗೆ ಬಿಟ್ಟು, ಮಾಡೆಲ್‌ನ ಉತ್ತರವನ್ನು ತಜ್ಞೆಗೆ ತೋರಿಸದೆ ಕೇಳಿ.

ಪರಾಗದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಫಿಕ್ಸ್‌ಮ್ಯಾಚ್‌ನಂಥ ವಿಧಾನಗಳು ಚಿತ್ರವನ್ನು ತಿರುಚಿದರೂ ಲೇಬಲ್ ಬದಲಾಗದು ಎಂಬ ನಂಬಿಕೆಯ ಮೇಲೆ ನಿಂತಿವೆ. ಹುಲ್ಲುಗಳ ಪರಾಗವೆಲ್ಲ ಒಂದೇ ರಂಧ್ರದ ದುಂಡು ಕಣಗಳಾಗಿ ಕಾಣುವುದರಿಂದ, ಧಾನ್ಯದ ಬೆಳೆಗಳ ಪರಾಗವನ್ನು ಕಾಡುಹುಲ್ಲಿನದರಿಂದ ಬೇರ್ಪಡಿಸುವಾಗ ಗಾತ್ರವೇ ಮುಖ್ಯ ಸುಳಿವು. ಚಿತ್ರವನ್ನು ಮನಬಂದಂತೆ ಹಿಗ್ಗಿಸಿ ಕುಗ್ಗಿಸಿದರೆ ಆ ಸುಳಿವನ್ನು ಅಳಿಸಿದಂತೆಯೇ. ತಿರುಗಿಸುವುದು, ಕನ್ನಡಿಯಂತೆ ಮಗುಚುವುದು, ಬಣ್ಣವನ್ನು ಸ್ವಲ್ಪ ಬದಲಿಸುವುದು ಸಾಕು.

ಉತ್ತರ 4

ನಾನು ಯಂತ್ರಗಳ ಕಂಪನದ ದಾಖಲೆಗಳೊಂದಿಗೆ ಕೆಲಸ ಮಾಡುತ್ತೇನೆ. ಎಂಟು ಸುತ್ತು ಗೊಂದಲದ ಆಯ್ಕೆಯನ್ನೂ ಯಾದೃಚ್ಛಿಕ ಆಯ್ಕೆಯನ್ನೂ ಅಕ್ಕಪಕ್ಕದಲ್ಲಿ ನಡೆಸಿ ನೋಡಿದೆ, ಒಟ್ಟು ನಿಖರತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಮಾಡೆಲ್ ಬದಲಿಸಿದಾಗ, ಹಳೆಯ ಮಾಡೆಲ್ ಆರಿಸಿಟ್ಟ ದಾಖಲೆಗಳು ಹೊಸದಕ್ಕೆ ಯಾದೃಚ್ಛಿಕ ಗುಂಪಿಗಿಂತ ಕಡಿಮೆ ಉಪಯೋಗಕ್ಕೆ ಬಂದವು. ಲೇಬಲ್‌ಗಳು ಮಾಡೆಲ್‌ಗಿಂತ ಹೆಚ್ಚು ಕಾಲ ಬಾಳುವುದರಿಂದ, ಯಾವುದೋ ಒಂದು ಮಾಡೆಲ್‌ನ ಗೊಂದಲಕ್ಕೆ ತಕ್ಕಂತೆ ಅವುಗಳನ್ನು ಆರಿಸುವುದು ನನಗೆ ಸರಿಯೆನಿಸುವುದಿಲ್ಲ.

ಉತ್ತರ 3, ಮತ್ತೊಮ್ಮೆ

ನಿಮ್ಮ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. 2019ರಲ್ಲಿ ಪಠ್ಯಗಳ ಮೇಲೆ ನಡೆದ ಅಧ್ಯಯನವೊಂದು ಇದನ್ನೇ ಎತ್ತಿ ತೋರಿಸಿತ್ತು. ಆದರೆ ವ್ಯತ್ಯಾಸವನ್ನು ಒಟ್ಟು ನಿಖರತೆಯಲ್ಲಿ ಹುಡುಕಿದರೆ ಅದು ಸಿಗುವುದು ಕಷ್ಟ. ನೂರಕ್ಕೆ ಒಂದರಷ್ಟಿರುವ ವರ್ಗವನ್ನು ವಾರಕ್ಕೆ 60 ಯಾದೃಚ್ಛಿಕ ಚಿತ್ರಗಳಿಂದ ಹುಡುಕಿದರೆ ಎರಡು ವಾರಕ್ಕೆ ಸುಮಾರು ಒಂದು ಕಣ ಸಿಗುತ್ತದೆ, ಅಷ್ಟೇ. ಆಯ್ಕೆಯ ಫಲ ನನಗೆ ಕಂಡದ್ದು ಅಂಥ ವರ್ಗಗಳಲ್ಲಿ ಮಾತ್ರ. ಎಲ್ಲ ವರ್ಗಗಳೂ ಹೇರಳವಾಗಿದ್ದರೆ ಯಾದೃಚ್ಛಿಕ ಆಯ್ಕೆಗೇ ಅಂಟಿಕೊಳ್ಳುವುದರಲ್ಲಿ ತಪ್ಪಿಲ್ಲ. ಮಾಡೆಲ್ ಬದಲಾದರೆ ಏನು ಮಾಡಬೇಕು ಎಂಬುದಕ್ಕೆ ನನ್ನ ಬಳಿಯೂ ಒಳ್ಳೆಯ ಉತ್ತರವಿಲ್ಲ. ಯಾವ ಲೇಬಲ್ ಯಾವ ದಾರಿಯಿಂದ ಬಂತು ಎಂಬುದನ್ನು ಒಂದು ಕಾಲಂನಲ್ಲಿ ಬರೆದಿಡುತ್ತೇನೆ, ಅಷ್ಟೇ.

ಉತ್ತರ 2, ಮತ್ತೊಮ್ಮೆ

ಪ್ರಶ್ನೆಯನ್ನು ನಾನು ತಪ್ಪಾಗಿ ಓದಿದ್ದೆ, ಕ್ಷಮಿಸಿ. ಆದರೂ ಒಂದು ಮಾತು: ತಜ್ಞೆ ಒಬ್ಬರೇ ಆದರೂ ಅವರು ಹಿಂದೆ ಗುರುತಿಸಿದ 40 ಚಿತ್ರಗಳನ್ನು ತಿಂಗಳುಗಳ ನಂತರ ಹೊಸ ಚಿತ್ರಗಳೊಂದಿಗೆ ಬೆರೆಸಿ ಕೊಟ್ಟು ನೋಡಿ. ಅವರೇ ನಾಲ್ಕೈದರಲ್ಲಿ ಬೇರೆ ಉತ್ತರ ಕೊಟ್ಟರೆ, ಅವರ ಲೇಬಲ್‌ಗಳಿಂದಲೇ ಅಳೆಯುವ ಪರೀಕ್ಷೆಯಲ್ಲಿ ಶೇ. 95 ಬರಲಿ ಎಂದು ನಿರೀಕ್ಷಿಸುವುದು ಸರಿಯಾಗದು.

ಪ್ರಶ್ನೆ ಕೇಳಿದವರು

ತಜ್ಞೆಯವರೊಂದಿಗೆ ಮಾತನಾಡಿದೆ. ಪರೀಕ್ಷೆಯ 300 ಚಿತ್ರಗಳಿಗೆ ಐದು ವಾರ ಕೊಡಲು ಒಪ್ಪಿದ್ದಾರೆ. ಗುಳ್ಳೆಗಳು ಬರದಿದ್ದರೆ ಸಾಕು ಎಂಬುದು ಅವರ ಷರತ್ತು. ಪರೀಕ್ಷೆಯ ಗುಂಪಿನಿಂದ ಗುಳ್ಳೆಗಳನ್ನು ನಾನೇ ತೆಗೆದರೆ ಅದು ಯಾದೃಚ್ಛಿಕವಾಗಿ ಉಳಿಯುವುದಿಲ್ಲವಾದ್ದರಿಂದ, ಅವುಗಳಿಗೆ ನಾನೇ ಲೇಬಲ್ ಕೊಟ್ಟು ಗುಂಪಿನಲ್ಲಿಯೇ ಉಳಿಸಿ, ಉಳಿದವನ್ನಷ್ಟೇ ಅವರಿಗೆ ಕಳುಹಿಸುತ್ತೇನೆ. ಒಂದು ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ: ಒಡೆದ ಕಣಗಳನ್ನು “ಪರಾಗವಲ್ಲ” ಎಂದು ಹಾಕುವುದನ್ನು ಅವರು ಒಪ್ಪುವುದಿಲ್ಲ, ಏಕೆಂದರೆ ಅವುಗಳಲ್ಲಿ ಅರ್ಧದಷ್ಟನ್ನು ಅವರು ಗುರುತಿಸಬಲ್ಲರು. ಇಂಥ ಕಣಗಳನ್ನು ಯಾರಾದರೂ ನಿಭಾಯಿಸಿದ್ದರೆ ತಿಳಿಸಿ.