ಕರೆಂಟ್ ಹೋದ ಗಳಿಗೆಯಲ್ಲಿ ಪಲ್ಸ್ ಲೆಕ್ಕ ಉಳಿಸಿದವರು ಯಾರಾದ್ರೂ ಇದ್ದೀರಾ?

ಜೀನ್ಸ್ ಶೆಡ್, ಬಳ್ಳಾರಿ: ನಮ್ಮ ಶೆಡ್‌ನಲ್ಲಿ ಮೂರು ಹೊಲಿಗೆ ಯುನಿಟ್ ಬಾಡಿಗೆಗಿವೆ. ಒಂದೊಂದಕ್ಕೂ ಒಂದು ಸಬ್ ಮೀಟರ್, ಒಂದು ಯುನಿಟ್ ಕರೆಂಟಿಗೆ 3200 ಪಲ್ಸ್. ಎಟಿಮೆಗಾ 328 ಬೋರ್ಡ್ ಎಣಿಸುತ್ತದೆ. 5 ವೋಲ್ಟ್ ಲೈನ್ 4.6ಕ್ಕೆ ಇಳಿದರೆ ಇಂಟರಪ್ಟ್ ಬರುತ್ತದೆ, ಅದರಲ್ಲಿ `EEPROM.put` ಮಾಡುತ್ತೇನೆ. ಲೈನಿಗೆ 1000 ಮೈಕ್ರೋಫ್ಯಾರಡ್ ಹಾಕಿದ್ದೇನೆ, ಬ್ರೌನ್‌ಔಟ್ 4.3ಕ್ಕೆ ಇಟ್ಟಿದ್ದೇನೆ. ಎಲ್‌ಸಿಡಿ ಸೇರಿ 60 ಮಿಲಿಆಂಪ್ ಎಳೆಯುತ್ತದೆ. ತಿಂಗಳುಗಟ್ಟಲೆ ಸರಿಯಾಗಿತ್ತು. ಮೊನ್ನೆ ಕರೆಂಟ್ ಹೋಗುವ ಮುಂಚೆ 1,31,100 ಇತ್ತು. ಬಂದ ಮೇಲೆ 65,564. ಅದಕ್ಕೂ ಹಿಂದಿನ ಸಲ ಉಳಿದಿದ್ದು 1,28,400. ಇದು ಎಲ್ಲಿಂದ ಬಂತು? ಮಾಡಿ ನೋಡಿದವರು ಹೇಳಿ.

ರೈಸ್ ಮಿಲ್, ಗಂಗಾವತಿ: ಸಣ್ಣ ಯುಪಿಎಸ್ ಹಾಕಿಬಿಡಿ ಅಣ್ಣ. ನಮ್ಮ ಮಿಲ್ಲಿನ ಕಂಪ್ಯೂಟರಿಗೆ ಹಾಕಿದ್ದೇವೆ, ಹತ್ತು ನಿಮಿಷ ನಿಲ್ಲುತ್ತದೆ.

ಜೀನ್ಸ್ ಶೆಡ್, ಬಳ್ಳಾರಿ: ಯುಪಿಎಸ್ ಬ್ಯಾಟರಿ ಸತ್ತ ದಿನ ಮತ್ತೆ ಇದೇ ಕಥೆ ಅಲ್ವಾ? ನಂಗೆ ಹತ್ತು ನಿಮಿಷ ಬೇಡ, ನಾಲ್ಕು ಬೈಟ್ ಬರೆಯುವಷ್ಟು ಹೊತ್ತು ಸಾಕು.

ರೇಡಿಯೋ ರಿಪೇರಿ, ರಾಯಚೂರು: ಕೆಪಾಸಿಟರ್ ಸಾಲುತ್ತಿಲ್ಲ. 1000 ತೆಗೆದು 4700 ಹಾಕಿ, ಬ್ರೌನ್‌ಔಟ್ ಆಫ್ ಮಾಡಿ. ಆಗ ಚಿಪ್ಪು 3 ವೋಲ್ಟಿನವರೆಗೂ ಎಳೆದುಕೊಂಡು ಹೋಗಿ ಬರೆಯುತ್ತದೆ. ನಾನು ಎಷ್ಟೋ ಟೈಮರ್ ಬೋರ್ಡಿಗೆ ಹಿಂಗೇ ಮಾಡಿದ್ದೇನೆ.

ಮೀಟರ್ ಅಕ್ಕ, ಕೊಪ್ಪಳ: ರಾಯಚೂರಿನವರು ಹೇಳಿದ್ದರಲ್ಲಿ ಅರ್ಧ ಸರಿ. ಹೊತ್ತು ಸಾಲುತ್ತಿಲ್ಲ, ನಿಜ. ಆದ್ರೆ ಬ್ರೌನ್‌ಔಟ್ ಮಾತ್ರ ಆಫ್ ಮಾಡಬೇಡಿ. 16 ಮೆಗಾಹರ್ಟ್ಸ್‌ನಲ್ಲಿ ಓಡುವ ಚಿಪ್ಪಿಗೆ 3.8 ವೋಲ್ಟಾದರೂ ಬೇಕು. ಅದಕ್ಕಿಂತ ಕೆಳಗೆ ಅದು ಯಾವ ಸಾಲು ಓಡಿಸುತ್ತದೋ, ಎಲ್ಲಿ ಏನು ಬರೆಯುತ್ತದೋ ಗ್ಯಾರಂಟಿ ಇಲ್ಲ. ಈಗ ತಪ್ಪು ಲೆಕ್ಕ ಬರುತ್ತಿದೆ, ಆಗ ಪಕ್ಕದ ಜಾಗವೂ ಕೆಡಬಹುದು.

ನಾನು ಬೆಂಗಳೂರಿನ ಒಂದು ಮೀಟರ್ ಕಂಪನಿಯಲ್ಲಿ ಇದೇ ಕೆಲಸ ಮಾಡುತ್ತಿದ್ದೆ. ಬಳ್ಳಾರಿಯವರೇ, ನಿಮ್ಮ ಎರಡು ಸಂಖ್ಯೆ ಕಳೆದು ನೋಡಿ. 1,31,100ರಲ್ಲಿ 65,564 ಕಳೆದರೆ ಸರಿಯಾಗಿ 65,536. ಅಂದರೆ ಮೂರನೇ ಬೈಟಿನಲ್ಲಿ ಒಂದು ಕಮ್ಮಿ. ಸಣ್ಣ ಬೈಟ್ ಮೊದಲು ಬರುವ ಹಾಗೆ ಬರೆದು ತೋರಿಸುತ್ತೇನೆ:

```
128400 : 90 F5 01 00   old
131100 : 1C 00 02 00   new
 65564 : 1C 00 01 00   after power-up
```

`put` ಬದಲಾದ ಬೈಟನ್ನು ಮಾತ್ರ ಒಂದೊಂದಾಗಿ ಬರೆಯುತ್ತದೆ. ಒಂದು ಬೈಟಿಗೆ 3.4 ಮಿಲಿಸೆಕೆಂಡ್. ಮೊದಲ ಎರಡು ಹೊಸದಾದವು, ಮೂರನೆಯದು ಶುರುವೇ ಆಗಲಿಲ್ಲ. ಮೂರನೆಯದು ಶುರುವಾಗಬೇಕಿದ್ದದ್ದು 6.8ನೇ ಮಿಲಿಸೆಕೆಂಡಿಗೆ. ಅಷ್ಟರೊಳಗೆ ಬ್ರೌನ್‌ಔಟ್ ರೀಸೆಟ್ ಹೊಡೆದಿದೆ.

ನಿಮ್ಮ ಅಂಕಿಗಳೂ ಅದನ್ನೇ ಹೇಳುತ್ತವೆ. 4.6ರಿಂದ 4.3ಕ್ಕೆ ಇಳಿಯುವ 0.3 ವೋಲ್ಟಷ್ಟೇ ನಿಮ್ಮ ಕೈಲಿರುವುದು.

```
t = C x dV / I = 1000uF x 0.3V / 60mA = 5 ms
```

5 ಮಿಲಿಸೆಕೆಂಡಿನಲ್ಲಿ ಎರಡು ಬೈಟ್ ದಾಟುತ್ತವೆ. ರೀಸೆಟ್ ಬಂದಾಗ ಅರ್ಧ ಆಗಿದ್ದ ಬೈಟನ್ನು, ವೋಲ್ಟೇಜ್ ಇದ್ದರೆ, ಚಿಪ್ಪು ಮುಗಿಸಿಯೇ ಬಿಡುತ್ತದೆ. ದಿನಾ ಬದಲಾಗುವುದು ಕೆಳಗಿನ ಎರಡು ಬೈಟ್ ಮಾತ್ರ, ಅದಕ್ಕೇ ತಿಂಗಳುಗಟ್ಟಲೆ ಗೊತ್ತಾಗಲಿಲ್ಲ. ಮೂರನೆಯದು ಬದಲಾಗುವುದು 65,536 ಪಲ್ಸಿಗೆ ಒಮ್ಮೆ, ನಿಮ್ಮ ಮೀಟರಿಗೆ 20.48 ಯುನಿಟ್ಟಿಗೆ ಒಮ್ಮೆ. ಹಾಗಾದರೆ 65,536 ದಾಟಿದಾಗಲೂ ಒಂದು ಸಲ ಇದೇ ಆಗಿರಬೇಕಲ್ಲ?

ಜೀನ್ಸ್ ಶೆಡ್, ಬಳ್ಳಾರಿ: ಆಗಿತ್ತು ಅಕ್ಕ! ಒಮ್ಮೆ ಇದ್ದಕ್ಕಿದ್ದಂತೆ 400ರ ಹತ್ತಿರ ಇಳಿದಿತ್ತು. ಬಾಡಿಗೆದಾರರ ಕಡೆ ಹುಡುಗ ಬಟನ್ ಒತ್ತಿದ ಅಂತ ಅವನಿಗೆ ಬೈದೆ. ಮೀಟರ್ ನೋಡಿ ಕೈಯಿಂದ ಸರಿ ಮಾಡಿಕೊಂಡಿದ್ದೆ. ಪಾಪ, ಅವನಿಗೆ ಇವತ್ತು ಚಹಾ ಕುಡಿಸಬೇಕು.

ರೇಡಿಯೋ ರಿಪೇರಿ, ರಾಯಚೂರು: ಸರಿ, ಬ್ರೌನ್‌ಔಟ್ ಇರಲಿ. 4700 ಹಾಕಿದರೆ ನಿಮ್ಮದೇ ಲೆಕ್ಕದಲ್ಲಿ 23 ಮಿಲಿಸೆಕೆಂಡ್ ಬಂತಲ್ಲ ಮೇಡಂ? ಕೆಲಸ ಮುಗೀತು.

ಮೀಟರ್ ಅಕ್ಕ, ಕೊಪ್ಪಳ: ಹೊಸ ಕೆಪಾಸಿಟರಿಗೆ ಮುಗೀತು. ನಮ್ಮ ಕಡೆ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ, ಮುಚ್ಚಿದ ಡಬ್ಬಿಯಲ್ಲಿ ಅದು ವರ್ಷ ವರ್ಷ ಒಣಗುತ್ತದೆ. ಮೊದಲೇ ಪ್ಲಸ್ ಮೈನಸ್ 20 ಪರ್ಸೆಂಟ್ ಬೇರೆ. ಬರೀ 0.3 ವೋಲ್ಟ್ ನಂಬಿಕೊಂಡರೆ, ಮಟ್ಟ ಗುರುತಿಸುವುದರಲ್ಲಿ 0.1 ಹೆಚ್ಚುಕಮ್ಮಿ ಆದರೂ ಮೂರನೇ ಒಂದು ಭಾಗ ಹೋಯಿತು. ಕೆಪಾಸಿಟರ್ ದೊಡ್ಡದು ಮಾಡುವುದಕ್ಕಿಂತ ಆ ವೋಲ್ಟೇಜ್ ಅಂತರ ದೊಡ್ಡದು ಮಾಡಿ. ಅಂದರೆ ರೆಗ್ಯುಲೇಟರಿನಿಂದ ಹೊರಗೆ ಬರುವ ಕಡೆ ನೋಡಬೇಡಿ, ಒಳಗೆ ಹೋಗುವ ಕಡೆ ನೋಡಿ.

ನಾನಾಗಿದ್ದರೆ ಹೀಗೆ ಮಾಡುತ್ತೇನೆ. 12 ವೋಲ್ಟ್ ಅಡಾಪ್ಟರ್, ಅದರಿಂದ ಒಂದು ಡಯೋಡ್, ಡಯೋಡ್ ಆದ ಮೇಲೆ 470 ಮೈಕ್ರೋಫ್ಯಾರಡ್, ಆಮೇಲೆ 7805. ಕರೆಂಟ್ ಹೋಯಿತಾ ಅಂತ ನೋಡುವುದು ಡಯೋಡಿನ ಮುಂಚೆ, ಅಡಾಪ್ಟರ್ ಕಡೆ. 82 ಕೆ ಮತ್ತು 10 ಕೆ ಡಿವೈಡರ್ ಹಾಕಿ ಚಿಪ್ಪಿನೊಳಗಿನ 1.1 ವೋಲ್ಟ್ ರೆಫರೆನ್ಸಿಗೆ ಹೋಲಿಸಿದರೆ ಸುಮಾರು 10 ವೋಲ್ಟಿಗೆ ಇಂಟರಪ್ಟ್ ಬರುತ್ತದೆ. ಆ 1.1 ಅನ್ನೋದು ಚಿಪ್ಪಿನಿಂದ ಚಿಪ್ಪಿಗೆ 1.0ರಿಂದ 1.2ರವರೆಗೆ ಇರಬಹುದು. ಒಂದು ಸಲ ಅಳೆದು ರೆಸಿಸ್ಟರ್ ಹೊಂದಿಸಿಕೊಳ್ಳಿ.

ಇಂಟರಪ್ಟ್ ಬರುವಾಗ ಕೆಪಾಸಿಟರ್ ಮೇಲೆ 9.4 ಇರುತ್ತದೆ ಅಂದುಕೊಳ್ಳಿ. 7805ಕ್ಕೆ ಸುಮಾರು 7 ಬೇಕು. 2.4 ವೋಲ್ಟ್ ಸಿಕ್ಕಿತು. 470 ಮೈಕ್ರೋಫ್ಯಾರಡ್, 60 ಮಿಲಿಆಂಪಿಗೆ ಸುಮಾರು 19 ಮಿಲಿಸೆಕೆಂಡ್. ಅಷ್ಟೂ ಹೊತ್ತು ಚಿಪ್ಪಿಗೆ ಗಟ್ಟಿ 5 ವೋಲ್ಟ್ ಇರುತ್ತದೆ, ಬ್ರೌನ್‌ಔಟ್ ತಂಟೆಗೇ ಬರುವುದಿಲ್ಲ. ಇಂಟರಪ್ಟಿನ ಮೊದಲ ಸಾಲಿನಲ್ಲೇ ಎಲ್‌ಸಿಡಿ ಲೈಟ್ ಆರಿಸಿ. 25 ಮಿಲಿಆಂಪಿಗೆ ಇಳಿದರೆ 45 ಮಿಲಿಸೆಕೆಂಡ್ ಆಯಿತು.

ಫೈನಲ್ ಇಯರ್, ರಾಯಚೂರು: ಇಷ್ಟೆಲ್ಲ ಯಾಕೆ ಸರ್? ಎಫ್‌ರ್ಯಾಮ್ ಹಾಕಿ. ಬರೆದ ಮೇಲೆ ಕಾಯುವುದೇ ಇಲ್ಲ, ಸವೆಯುವ ಚಿಂತೆಯೂ ಇಲ್ಲ. ಪ್ರತಿ ಪಲ್ಸಿಗೂ ಬರೆಯಿರಿ, ಪವರ್ ಫೇಲ್ ಸರ್ಕ್ಯೂಟೇ ಬೇಡ. ನಮ್ಮ ಪ್ರಾಜೆಕ್ಟಿನಲ್ಲಿ ಹಾಗೇ ಮಾಡಿದೆವು.

ಮೀಟರ್ ಅಕ್ಕ, ಕೊಪ್ಪಳ: ಚೆನ್ನಾಗಿಯೇ ಇದೆ ತಮ್ಮಾ, ಹೊಸ ಬೋರ್ಡ್ ಮಾಡುವುದಾದರೆ ನಾನೂ ಅದನ್ನೇ ಹಾಕುತ್ತೇನೆ. ಆದ್ರೆ ಎರಡನೇ ಬೈಟ್ ಹೋಗುವಾಗ ಕರೆಂಟ್ ಹೋದರೆ ಅಲ್ಲೂ ಅರ್ಧ ಹಳೇದು, ಅರ್ಧ ಹೊಸದು ಆಗುತ್ತದೆ. ಕಿಟಕಿ ಚಿಕ್ಕದಾಯಿತು, ಮುಚ್ಚಲಿಲ್ಲ. ಎಫ್‌ರ್ಯಾಮ್ ಇರಲಿ, ಇಇಪ್ರಾಮ್ ಇರಲಿ, ಎರಡು ಜಾಗ ಇಟ್ಟು ಸರದಿಯಲ್ಲಿ ಬರೆಯಬೇಕು.

ಒಂದೊಂದು ಜಾಗದಲ್ಲಿ ಆರು ಬೈಟ್: ಲೆಕ್ಕ ನಾಲ್ಕು, ಸರದಿ ಸಂಖ್ಯೆ ಒಂದು, ಸಿಆರ್‌ಸಿ ಒಂದು. ಸಿಆರ್‌ಸಿ ಕೊನೆಗೆ ಬರೆಯಿರಿ. ಬೂಟ್ ಆದಾಗ ಸಿಆರ್‌ಸಿ ಸರಿಯಿರುವುದರಲ್ಲಿ ಹೊಸದನ್ನು ತಗೊಳ್ಳಿ. ಬರೆಯುವುದು ಅರ್ಧಕ್ಕೆ ನಿಂತರೂ ಹಿಂದಿನ ಲೆಕ್ಕ ಮುಟ್ಟದೆ ಉಳಿದಿರುತ್ತದೆ. ಹಿಂದಿನ ಸಲ ಉಳಿಸಿದ ಮೇಲೆ ಬಂದ ಪಲ್ಸ್ ಮಾತ್ರ ಹೋದೀತು, ಒಂದೇ ಏಟಿಗೆ 20 ಯುನಿಟ್ ಹೋಗುವುದಿಲ್ಲ.

ಈಗ ಒಂದು ತೊಡಕು. ಆರು ಬೈಟ್ 3.4ರಂತೆ 20.4 ಮಿಲಿಸೆಕೆಂಡ್, ಲೈಟ್ ಆರಿಸದಿದ್ದರೆ 19ರಲ್ಲಿ ಹಿಡಿಯುವುದಿಲ್ಲ. ಆ 3.4ರಲ್ಲಿ ಅರ್ಧ ಅಳಿಸುವುದಕ್ಕೆ, ಅರ್ಧ ಬರೆಯುವುದಕ್ಕೆ. ಅಳಿಸುವ ಕೆಲಸವನ್ನು ಬೂಟ್ ಆದ ಮೇಲೆ ಪುರಸೊತ್ತಾಗಿ ಮಾಡಿಟ್ಟುಕೊಳ್ಳಿ: ಹಳೆಯ ಜಾಗವನ್ನು ಆಗಲೇ ಅಳಿಸಿ ಖಾಲಿ ಇಟ್ಟರೆ, ಕರೆಂಟ್ ಹೋದಾಗ ಬರೀ ಬರೆಯುವುದು. ಬೈಟಿಗೆ 1.8, ಒಟ್ಟು 10.8.

```c
static void wr(uint16_t a, uint8_t d) {
  while (EECR & _BV(EEPE));
  EEAR = a;
  EEDR = d;
  EECR = _BV(EEPM1);   // write only
  EECR |= _BV(EEMPE);
  EECR |= _BV(EEPE);
}
```

ಇದನ್ನು ಇಂಟರಪ್ಟ್ ಆಫ್ ಇರುವಾಗಲೇ ಕರೆಯಬೇಕು. ಕೊನೆಯ ಎರಡು ಸಾಲಿನ ನಡುವೆ ಬೇರೆ ಇಂಟರಪ್ಟ್ ನುಗ್ಗಿದರೆ ಬರೆಯುವುದೇ ಇಲ್ಲ, ಎರರೂ ಕೊಡುವುದಿಲ್ಲ.

ಹತ್ತಿ ಹೊಲ, ಸಿಂಧನೂರು: ನನ್ನದೂ ಒಂದು ಕಥೆ ಕೇಳಿ. ಪಂಪ್‌ಸೆಟ್ಟಿನ ಲೆಕ್ಕಕ್ಕೆ ಇಂಥದ್ದೇ ಡಬ್ಬಿ ಮಾಡಿದ್ದೆ. ಉಳಿಸಿದ ಮೇಲೆ `while(1);` ಹಾಕಿದ್ದೆ, ಹೇಗಿದ್ರೂ ಸಾಯುತ್ತದಲ್ಲ ಅಂತ. ಒಂದು ಸಂಜೆ ಲೈಟ್ ಮಿಣಕ್ ಅಂದು ವಾಪಸ್ ಬಂತು. ಇಂಟರಪ್ಟ್ ಬಂತು, ಉಳಿಸಿತು, ಆದ್ರೆ ಚಿಪ್ಪು ಸಾಯಲೇ ಇಲ್ಲ. ಅಲ್ಲೇ ಸುಮ್ನೆ ಕೂತಿತ್ತು. ಎರಡು ದಿನ ಪಂಪ್ ಓಡಿದೆ, ಲೆಕ್ಕ ಒಂದು ಪಲ್ಸೂ ಮೇಲೆ ಹೋಗಿಲ್ಲ. ಎಲ್‌ಸಿಡಿಯಲ್ಲಿ ಸಂಖ್ಯೆ ಕಾಣುತ್ತಿತ್ತು, ಹಂಗಾಗಿ ಯಾರಿಗೂ ಅನುಮಾನವೂ ಬರಲಿಲ್ಲ.

ಮೀಟರ್ ಅಕ್ಕ, ಕೊಪ್ಪಳ: ಇದು ಎಲ್ಲರೂ ಒಮ್ಮೆ ಬೀಳುವ ಹಳ್ಳ. ಉಳಿಸಿದ ಮೇಲೆ ವಾಚ್‌ಡಾಗ್ ಹಚ್ಚಿ ಕಾಯಿರಿ. ಕರೆಂಟ್ ವಾಪಸ್ ಬಂದಿದ್ದರೆ ಅದು ರೀಸೆಟ್ ಮಾಡುತ್ತದೆ. ಬೂಟ್ ಕೋಡೇ ಹೊಸ ಲೆಕ್ಕ ಓದಿ, ಇನ್ನೊಂದು ಜಾಗ ಅಳಿಸಿಡುತ್ತದೆ. ಅಲ್ಲಿಂದಲೇ ಮುಂದುವರಿಸೋಣ ಅಂತ ಹೋದರೆ ಮುಂದಿನ ಜಾಗ ಅಳಿಸಿರುವುದೇ ಇಲ್ಲ, ಎರಡನೇ ಸಲ ಹೋದಾಗ ಕಸ ಬರೆಯುತ್ತೀರಿ. ಬೂಟ್ ಆದಾಗ 12 ವೋಲ್ಟ್ ನೆಟ್ಟಗೆ ನಿಂತಿದೆ ಅಂತ ನೋಡಿಕೊಂಡೇ ಅಳಿಸಿ. ಹಳೇ ಕಾಲದ ಬೂಟ್‌ಲೋಡರ್ ಇದ್ದರೆ ವಾಚ್‌ಡಾಗ್ ಆದ ಮೇಲೆ ಅಲ್ಲೇ ಸುತ್ತುತ್ತಾ ಕೂರುತ್ತದೆ, ಅದನ್ನೂ ಪರೀಕ್ಷೆ ಮಾಡಿ.

ಜೀನ್ಸ್ ಶೆಡ್, ಬಳ್ಳಾರಿ: ನನ್ನ ಹತ್ರ ಆಸಿಲೋಸ್ಕೋಪ್ ಇಲ್ಲ. ನಿಜವಾಗಿ ಎಷ್ಟು ಹೊತ್ತು ಉಳಿದಿದೆ ಅಂತ ಹೇಗೆ ನೋಡಲಿ?

ಮೀಟರ್ ಅಕ್ಕ, ಕೊಪ್ಪಳ: ಇಇಪ್ರಾಮನ್ನೇ ಗಡಿಯಾರ ಮಾಡಿಕೊಳ್ಳಿ. ಪರೀಕ್ಷೆಗೆ ಮಾತ್ರ, ಉಳಿಸಿ ಮುಗಿದ ಮೇಲೆ ಬೇರೆ ಕಡೆ 1, 2, 3 ಅಂತ ಒಂದೊಂದು ಬೈಟ್ ಬರೆಯುತ್ತಲೇ ಇರಿ, ಸಾಯುವ ತನಕ. ಈ ಬೈಟ್‌ಗಳನ್ನು ಮಾಮೂಲಿ ರೀತಿಯಲ್ಲೇ, ಅಳಿಸಿ ಬರೆಯಿರಿ. ಮತ್ತೆ ಆನ್ ಮಾಡಿದಾಗ ಎಷ್ಟರವರೆಗೆ ಬಂದಿದೆ ನೋಡಿ, 3.4ರಿಂದ ಗುಣಿಸಿ. ಅದೇ ನಿಮ್ಮ ಉಳಿಕೆ ಹೊತ್ತು.

ಜೀನ್ಸ್ ಶೆಡ್, ಬಳ್ಳಾರಿ: ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಡಯೋಡ್, 470, 7805 ಎಲ್ಲ ಹಾಕಿದೆ. ಸ್ವಿಚ್ ತೆಗೆದು ಹಾಕಿ 40 ಸಲ ನೋಡಿದೆ. ಪರೀಕ್ಷೆ ಬೈಟ್ ಕಮ್ಮಿ ಅಂದರೆ 9ರವರೆಗೆ ಬಂದಿದೆ, ಅಂದರೆ 30 ಮಿಲಿಸೆಕೆಂಡ್ ಉಳಿದಿದೆ. ಬೇಕಂತಲೇ ಲೆಕ್ಕವನ್ನು 1,31,060ಕ್ಕೆ ಇಟ್ಟು 1,31,072 ದಾಟಿಸಿದೆ, ಹಿಂದೆ ಹೋಗಲಿಲ್ಲ. ಒಂದೇ ಚಿಂತೆ: 40ರಲ್ಲಿ ಮೂರು ಸಲ ನನ್ನ ಲೆಕ್ಕ ಒಂದು ಪಲ್ಸ್ ಜಾಸ್ತಿ ಬಂದಿದೆ.

ಹತ್ತಿ ಹೊಲ, ಸಿಂಧನೂರು: ಕರೆಂಟ್ ಹೋಗುವಾಗ ಮೀಟರಿನ ಪಲ್ಸ್ ಔಟ್‌ಪುಟ್ಟೇ ಒಮ್ಮೆ ಮಿಣುಕುತ್ತದೆ, ನೋಡಿದ್ದೇನೆ. ಪಲ್ಸ್ ಬಂದ ಕೂಡಲೇ ಎಣಿಸಬೇಡಿ. 20 ಮಿಲಿಸೆಕೆಂಡ್ ನಿಂತಿದ್ದರೆ ಮಾತ್ರ ಎಣಿಸಿ.

ಮೀಟರ್ ಅಕ್ಕ, ಕೊಪ್ಪಳ: ಇರಬಹುದು. ಎಸ್‌ಝೀರೋ ಔಟ್‌ಪುಟ್ ಆದರೆ ಪಲ್ಸ್ 30 ಮಿಲಿಸೆಕೆಂಡಿಗಿಂತ ಕಮ್ಮಿ ಇರುವಂತಿಲ್ಲ, ಹಾಗಾಗಿ 20 ಸರಿಹೋಗುತ್ತದೆ. ಆದ್ರೆ ಆ ಪಲ್ಸ್ ಕರೆಂಟ್ ಹೋಗುವಾಗ ಬಂತೋ, ಬರುವಾಗ ಬಂತೋ ನಂಗೂ ಗೊತ್ತಿಲ್ಲ. ಬೂಟ್ ಆದ ಕೂಡಲೇ ಓದಿದ ಲೆಕ್ಕವನ್ನು ಎಲ್‌ಸಿಡಿಯಲ್ಲಿ ಬೇರೆ ತೋರಿಸಿ ನೋಡಿ, ಆಮೇಲೆ ಹೇಳಿ.