‘ಮೇಕಪ್ ಟು 1 ಲೀಟರ್’ ಅನ್ನೋದಕ್ಕೆ ಕನ್ನಡದಲ್ಲಿ ಏನು? ಇವತ್ತು ಸಂಜೆಯೊಳಗೆ ಬೇಕು

ಸುಮಾ:
ಎಲ್ಲರಿಗೂ ನಮಸ್ಕಾರ. ನಮ್ಮ ಲ್ಯಾಬಲ್ಲಿ ಅಟೆಂಡರ್‌ಗಳಿಗೋಸ್ಕರ ಸಿಂಕ್ ಮೇಲೆ ಅಂಟಿಸೋ ಒಂದು ಹಾಳೇನ ಇಂಗ್ಲಿಷಿಂದ ಕನ್ನಡಕ್ಕೆ ತರ್ತಿದೀನಿ, ಸಂಜೆ ಲ್ಯಾಮಿನೇಶನ್‌ಗೆ ಹೋಗ್ಬೇಕು. ಸೋಡಿಯಂ ಹೈಪೋಕ್ಲೋರೈಟ್ 4% ಬಾಟಲಿಯಿಂದ ಎರಡು ದ್ರಾವಣ ಮಾಡ್ಕೊಳ್ಳೋದು, ಚೆಲ್ಲಿದ್ದು ಒರೆಸೋಕೆ 0.5%, ಬೆಂಚ್ ಒರೆಸೋಕೆ 0.1%. ಇಂಗ್ಲಿಷ್ ಹಾಳೇಲಿ ಟೇಬಲ್ ಹೀಗಿದೆ:

```
        ಸ್ಟಾಕ್        ನೀರು          ಒಟ್ಟು
0.5%    125 ಎಂಎಲ್    1000 ಎಂಎಲ್    1000 ಎಂಎಲ್
0.1%    12.5 ಎಂಎಲ್   487.5 ಎಂಎಲ್   500 ಎಂಎಲ್
```

ಟೇಬಲ್ ಕೆಳಗೆ ‘ಡೈಲ್ಯೂಟ್ ಅಂಡ್ ಮೇಕಪ್ ಟು ವಾಲ್ಯೂಮ್’ ಅಂತ ಒಂದು ಸಾಲು. ನನಗೆ ಬೇಕಿರೋದು ಎರಡು ಪದ, ಡೈಲ್ಯೂಟ್ ಮಾಡು ಅನ್ನೋದಕ್ಕೊಂದು, ಮೇಕಪ್ ಟು ಅನ್ನೋದಕ್ಕೊಂದು. ಪಠ್ಯಪುಸ್ತಕದ ‘ಸಾರರಿಕ್ತಗೊಳಿಸಿ’ ಬರೆದ್ರೆ ನಮ್ಮ ಅಟೆಂಡರ್ ಶಿವಮ್ಮ ನನ್ನನ್ನೇ ಕರೆದು ಕೇಳ್ತಾರೆ. ಇನ್ನೊಂದು, ಮೊದಲ ಸಾಲಿನ ಲೆಕ್ಕ ನನಗೆ ಕೂಡ್ತಾ ಇಲ್ಲ, 125ಕ್ಕೆ 1000 ಸೇರಿಸಿದ್ರೆ 1000 ಹೇಗಾಗುತ್ತೆ?

ಗೋಪಾಲಯ್ಯ:
ಸಾರರಿಕ್ತ ಅನ್ನೋದು ಕನ್ನಡವೇ ಅಲ್ಲ. ಸಾರ ಸಂಸ್ಕೃತ, ರಿಕ್ತ ಸಂಸ್ಕೃತ, ಅದೂ ಅಲ್ಲದೆ ರಿಕ್ತ ಅಂದ್ರೆ ಖಾಲಿ, ಸಾರ ಪೂರ್ತಿ ಖಾಲಿ ಆದ್ರೆ ಉಳಿಯೋದು ಬರೀ ನೀರು. ನಮ್ಮಲ್ಲೇ ‘ತಿಳಿ’ ಇದೆ, ತಿಳಿಸಾರಿನ ತಿಳಿ, ತಮಿಳಿನ ತೆಳಿಯೂ ಇದೇ ಬೇರಿನದು. ‘ತಿಳಿಯಾಗಿಸಿ’ ಅಂತ ಬರೀರಿ, ಮುಗೀತು. ಲೆಕ್ಕ ಈ ಓಲೆಪಟ್ಟಿಯ ವಿಷಯ ಅಲ್ಲ.

ಶಶಿ:
ಸುಮಕ್ಕ, ಇಷ್ಟೆಲ್ಲಾ ಯಾಕೆ? 4ನ್ನ 0.5ರಿಂದ ಭಾಗಿಸಿದ್ರೆ 8. ‘1:8 ಅನುಪಾತದಲ್ಲಿ ನೀರು ಬೆರೆಸಿ’ ಅಂತ ಹಾಕಿ, ಅನುಪಾತ ಎಲ್ಲರಿಗೂ ಹೈಸ್ಕೂಲಲ್ಲೇ ಗೊತ್ತಿರುತ್ತೆ. ಆಗ ಒಂದು ಭಾಗ 125, ಎಂಟು ಭಾಗ 1000, ನಿಮ್ಮ ಟೇಬಲ್ಲೂ ಸರಿಯಾಗೇ ಇದೆಯಲ್ಲ.

ನಾಗರತ್ನ:
ಶಶಿ, 8 ಸರಿ, 1:8 ತಪ್ಪು. ಎಂಟು ಪಟ್ಟು ತೆಳು ಆಗ್ಬೇಕು ಅಂದ್ರೆ ಒಟ್ಟು ಎಂಟು ಪಾಲಲ್ಲಿ ಒಂದು ಪಾಲು ಸ್ಟಾಕ್ ಇರ್ಬೇಕು, ಅಂದ್ರೆ ನೀರು ಏಳೇ ಪಾಲು, 875 ಎಂಎಲ್. ನೀವು ಹೇಳಿದ ಹಾಗೆ 1000 ನೀರು ಹಾಕಿದ್ರೆ ಒಟ್ಟು 1125 ಆಗಿ ಒಂಬತ್ತು ಪಟ್ಟು ತೆಳು ಆಗುತ್ತೆ, ಉಳಿಯೋದು 0.44%. ಈ ಎರಡು ಚುಕ್ಕಿ ಇದೆಯಲ್ಲ, ಒಬ್ಬೊಬ್ಬರು ಒಂದೊಂದು ಥರ ಓದ್ತಾರೆ, ಕೆಮಿಸ್ಟ್ರಿ ಓದಿದೋರು ಹೆಚ್ಚಾಗಿ 1ಕ್ಕೆ 8 ಸೇರಿಸು ಅಂತ ಓದ್ತಾರೆ, ನಮ್ಮ ಮೈಕ್ರೋಬಯಾಲಜಿ ಕಡೆ ಬಹಳ ಜನ ಅದನ್ನೇ 8ರಲ್ಲಿ 1 ಅಂತ ಓದ್ತಾರೆ. ಹಾಗಾಗಿ ಗೋಡೆ ಮೇಲಿನ ಹಾಳೇಲಿ ಅನುಪಾತ ಬೇಡವೇ ಬೇಡ.

ಸುಮಾ, ನಿಮ್ಮ ಟೇಬಲ್ ಕಥೆ ನನಗೆ ಅನ್ನಿಸೋದು ಇಷ್ಟು. ಹಳೇ ಪ್ರೋಟೋಕಾಲ್‌ಗಳಲ್ಲಿ ಆ ಕಾಲಂ ತಲೆಬರಹ ‘ವಾಟರ್ ಟು’ ಅಂತ ಇರುತ್ತೆ, ಅಂದ್ರೆ ಇಷ್ಟು ಆಗೋವರೆಗೆ ನೀರು. ಯಾರೋ ಟೈಪ್ ಮಾಡುವಾಗ ‘ಟು’ ಬಿಟ್ಟಿದಾರೆ. ಆಮೇಲೆ ಇನ್ಯಾರೋ ಎರಡನೇ ಸಾಲು ಸೇರಿಸುವಾಗ 500ರಿಂದ 12.5 ಕಳೆದು 487.5 ಬರೆದಿದಾರೆ. ಒಂದೇ ಕಾಲಂನಲ್ಲಿ ಎರಡು ಅರ್ಥ ಕೂತಿದೆ. ಎರಡು ಲೆಕ್ಕ ಹಾಕಿ ನೋಡಿ, ಮೊದಲು ಗುಣಾಕಾರ, ಶೇಕಡಾನ ಎಂಎಲ್‌ನಿಂದ ಗುಣಿಸಿದ್ರೆ ಬೆರೆಸೋ ಮುಂಚೆ, ಆಮೇಲೆ ಎರಡೂ ಒಂದೇ ಬರ್ಬೇಕು, C1V1 = C2V2: 4 × 125 = 500, 0.5 × 1000 = 500, ಸರಿ. ಎರಡನೇ ಸಾಲು 4 × 12.5 = 50, 0.1 × 500 = 50, ಅದೂ ಸರಿ. ಅಂದ್ರೆ ಸ್ಟಾಕ್ ಮತ್ತು ಒಟ್ಟು ಎರಡೂ ಕಾಲಂ ಸಾಚಾ. ಆಮೇಲೆ ಕೂಡಿ ನೋಡಿ, ಮೊದಲ ಸಾಲು ಕೂಡಲ್ಲ, ಹಾಗಾದ್ರೆ ಕೆಟ್ಟಿರೋದು ನೀರಿನ ಕಾಲಂ ಮಾತ್ರ.

ಗೋಪಾಲಯ್ಯನವರೇ, ತಿಳಿ ಅಂದ್ರೆ ಲ್ಯಾಬಲ್ಲಿ ಬೇರೆ. ಸೆಂಟ್ರಿಫ್ಯೂಜ್ ಮಾಡಿದ್ಮೇಲೆ ಗಷ್ಟು ಕೆಳಗೆ ಕೂತು ಮೇಲೆ ನಿಲ್ಲೋದನ್ನ ನಾವು ತಿಳಿ ಅಂತೀವಿ. ‘ತಿಳಿಯಾಗಿಸಿ’ ಅಂತ ಬರೆದ್ರೆ ಶಿವಮ್ಮ ಬಾಟಲಿ ಅಲ್ಲಾಡಿಸದೆ ಮೂಲೇಲಿಟ್ಟು ಕಾಯ್ತಾ ಕೂರ್ತಾರೆ.

ಗೋಪಾಲಯ್ಯ:
ಸೆಂಟ್ರಿಫ್ಯೂಜ್, ಸ್ಟಾಕ್, ಕಾಲಂ, ಪ್ರೋಟೋಕಾಲ್. ಇಷ್ಟೆಲ್ಲಾ ಬಳಸೋರಿಗೆ ಕನ್ನಡ ಪದ ಯಾಕೆ ಬೇಕೋ. ಡೈಲ್ಯೂಟ್ ಅಂತಲೇ ಬರೆದು ಅಂಟಿಸಿ.

ಕೃಷ್ಣಮೂರ್ತಿ, ತೀರ್ಥಹಳ್ಳಿ:
ಇಲ್ಲಿ ನಮ್ಮ ಅನುಭವ ಹೇಳ್ತೀನಿ. ಅಡಿಕೆಗೆ ಕೊಳೆರೋಗ ಬರದ ಹಾಗೆ ಬೋರ್ಡೋ ಹೊಡೀತೀವಲ್ಲ, ಒಂದು ಕೆಜಿ ಮೈಲುತುತ್ತ 50 ಲೀಟರ್ ನೀರಲ್ಲಿ, ಒಂದು ಕೆಜಿ ಸುಣ್ಣ ಬೇರೆ 50 ಲೀಟರಲ್ಲಿ, ಎರಡನ್ನೂ ಸೇರಿಸಿದ್ರೆ 100 ಲೀಟರ್, ಅದೇ ಶೇಕಡ ಒಂದು. ಯಾರೂ ಗೆರೆ ನೋಡಿ ಕೂರೋದಿಲ್ಲ. ಅಂಗಡಿ ಔಷಧಿನೂ ಅಷ್ಟೇ, ಲೀಟರಿಗೆ ಎರಡು ಎಂಎಲ್ ಅಂತಾರೆ, ಲೀಟರ್ ನೀರಿಗೆ ಎರಡು ಎಂಎಲ್ ಹುಯ್ದು ಹೊಡೀತೀವಿ, ಕೆಲಸ ಮಾಡುತ್ತೆ. ನೀವು ಓದಿದೋರು ಸುಮ್ನೆ ಕಷ್ಟ ಮಾಡ್ಕೋತೀರ ಅನ್ಸುತ್ತೆ. ಅಂದಹಾಗೆ ಹೈಪೋಕ್ಲೋರೈಟ್ ಹೊಡೆದ್ರೆ ಕೊಳೆ ನಿಲ್ಲುತ್ತಾ?

ನಾಗರತ್ನ:
ಕೊಳೆ ವಿಷಯ ನನಗೆ ಗೊತ್ತಿಲ್ಲ ಸ್ವಾಮಿ, ತೋಟಗಾರಿಕೆಯೋರನ್ನ ಕೇಳಿ. ಆದ್ರೆ ನೀವು ಹೇಳಿದ್ದು ನಿಮ್ಮ ಲೆಕ್ಕಕ್ಕೆ ಸರಿ. ಲೀಟರಿಗೆ ಎರಡು ಎಂಎಲ್ ಹಾಕಿದ್ರೆ ಒಟ್ಟು 1002, ಸಾವಿರದಲ್ಲಿ ಎರಡು ಎಷ್ಟು ಕಮ್ಮಿಯಾಯ್ತೋ ಅಷ್ಟೇ, ಅಳತೆ ಮುಚ್ಚಳದ ತಪ್ಪೇ ಅದಕ್ಕಿಂತ ಜಾಸ್ತಿ ಇರುತ್ತೆ. ಇಲ್ಲಿ ಹಾಕ್ತಿರೋದು ಎಂಟರಲ್ಲೊಂದು ಪಾಲು, ಅದಕ್ಕೇ ಒಂಬತ್ತನೇ ಒಂದು ಭಾಗ ಶಕ್ತಿ ಹೋಗುತ್ತೆ. ಸ್ಟಾಕಿನ ಪಾಲು ದೊಡ್ಡದಾದಷ್ಟೂ ‘ಇಷ್ಟು ನೀರು ಹಾಕು’ ಮತ್ತು ‘ಇಷ್ಟಾಗೋವರೆಗೆ ಹಾಕು’ ಎರಡರ ನಡುವಿನ ಅಂತರ ದೊಡ್ಡದಾಗುತ್ತೆ.

ಒಂದೇ ಸಲ ಆದ್ರೆ ಹಾಗೋ ಹೀಗೋ ನಡೆಯುತ್ತೆ. ಸಾಲಾಗಿ ಮಾಡುವಾಗ ನೋಡಿ. ನೀರಿನ ಸ್ಯಾಂಪಲಲ್ಲಿ ಬ್ಯಾಕ್ಟೀರಿಯಾ ಎಣಿಸೋಕೆ ಒಂದು ಎಂಎಲ್ ತೆಗೆದು ಒಂಬತ್ತಕ್ಕೆ, ಅದರಿಂದ ಒಂದು ಎಂಎಲ್ ಮತ್ತೆ ಒಂಬತ್ತಕ್ಕೆ, ಹೀಗೆ ಆರು ಟ್ಯೂಬ್. ‘ಹತ್ತು ಎಂಎಲ್ ನೀರಿಗೆ ಒಂದು’ ಅಂತ ಓದ್ಕೊಂಡು ಟ್ಯೂಬ್‌ಗಳಿಗೆ ಹತ್ತತ್ತು ತುಂಬಿಟ್ಟ ಹುಡುಗರನ್ನ ನಾನು ಪ್ರತಿ ವರ್ಷ ನೋಡಿದೀನಿ. ಆಗ ಪ್ರತಿ ಟ್ಯೂಬಲ್ಲೂ ಹನ್ನೊಂದು ಪಟ್ಟು, ಆರು ಸಲಕ್ಕೆ 17 ಲಕ್ಷ 71 ಸಾವಿರದ ಮೇಲೆ, ಅವರು ಗುಣಿಸೋದು 10 ಲಕ್ಷದಿಂದ. ಇರೋದ್ರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಎಣಿಕೆಗೆ ಸಿಗುತ್ತೆ, ಮತ್ತೆ ಪ್ಲೇಟ್ ನೋಡೋಕೆ ಚೆನ್ನಾಗೇ ಇರೋದ್ರಿಂದ ಯಾರಿಗೂ ಅನುಮಾನ ಬರಲ್ಲ.

ಶಶಿ:
ಸರಿ ಮೇಡಂ, ಅನುಪಾತ ಬಿಟ್ಟೆ. ಹಾಗಾದ್ರೆ ನೀರಿನ ಕಾಲಂನಲ್ಲಿ 875 ಅಂತ ತಿದ್ದಿಬಿಟ್ರೆ ಆಯ್ತಲ್ಲ? ಸ್ಟಾಕ್ + ನೀರು = ಒಟ್ಟು, ಎಲ್ಲಾ ಸಾಲೂ ಕೂಡ್ಬೇಕು, ಕೂಡದಿದ್ರೆ ತಪ್ಪು. ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ‘ಮೇಕಪ್ ಟು’ಗೆ ಪದವೇ ಬೇಕಾಗಲ್ಲ.

ಸುಮಾ:
ಹಾಗೇ ಮಾಡೋಣ ಅಂತಿದ್ದೆ ಶಶಿ, ಆದ್ರೆ ಹಿಂದಿನ ಪುಟದಲ್ಲಿ ಇನ್ನೊಂದು ಸಾಲಿದೆ, 95% ಆಲ್ಕೋಹಾಲಿಂದ 70% ಮಾಡೋದು, 500 ಎಂಎಲ್. ಅದರಲ್ಲಿ ಸ್ಟಾಕ್ 368 ಅಂತಿದೆ, ನೀರಿನ ಜಾಗ ಖಾಲಿ ಬಿಟ್ಟಿದಾರೆ. 132 ಅಂತ ನಾನೇ ತುಂಬಿದ್ರೆ ಆಗುತ್ತಾ?

ನಾಗರತ್ನ:
ತುಂಬಬೇಡಿ. ಅದನ್ನ ಬೇಕಂತಲೇ ಖಾಲಿ ಬಿಟ್ಟಿರೋದು, ಆ ಸಾಲು ಬರೆದೋರಿಗೆ ವಿಷಯ ಗೊತ್ತಿತ್ತು. ಆಲ್ಕೋಹಾಲ್ ನೀರು ಸೇರಿದಾಗ ಎರಡೂ ಕುಗ್ಗುತ್ತೆ, 50 ಎಂಎಲ್‌ಗೆ 50 ಹಾಕಿದ್ರೆ 100 ಬರಲ್ಲ, 96-97ರ ಹತ್ರ ನಿಲ್ಲುತ್ತೆ. ನಿಮ್ಮ 368ಕ್ಕೆ 132 ಹಾಕಿದ್ರೂ 500ರ ಗೆರೆಗಿಂತ ಹತ್ತು ಎಂಎಲ್ ಆಸುಪಾಸು ಕೆಳಗೇ ಇರುತ್ತೆ, ಶೇಕಡಾನೂ 70ಕ್ಕಿಂತ ಸ್ವಲ್ಪ ಮೇಲಿರುತ್ತೆ. ಅಲ್ಲಿ ಬರೆಯೋಕಾಗೋದು ‘500 ಆಗೋವರೆಗೆ ನೀರು’ ಅಂತ ಮಾತ್ರ. ಬೆರೆಸಿದಾಗ ಸ್ವಲ್ಪ ಬಿಸಿನೂ ಆಗುತ್ತೆ, ಆರಿದ ಮೇಲೆ ಗೆರೆ ನೋಡಿ ತುಂಬಬೇಕು. ಶಶಿ ಹೇಳಿದ ಕೂಡೋ ಪರೀಕ್ಷೆ ಹೈಪೋಕ್ಲೋರೈಟ್ ಥರದ ನೀರು ನೀರಾದ ದ್ರಾವಣಕ್ಕೆ ನಡೆಯುತ್ತೆ, ಇಲ್ಲಿ ನಡೆಯಲ್ಲ. ಗುಣಾಕಾರದ ಪರೀಕ್ಷೆ ಇಲ್ಲೂ ನಡೆಯುತ್ತೆ, 95 × 368.4 ಅಂದ್ರೂ ಹತ್ತಿರತ್ತಿರ 35,000, 70 × 500 ಅಂದ್ರೂ 35,000.

ಪದ ಅಂದ್ರೆ, ನಮ್ಮ ಲ್ಯಾಬಲ್ಲಿ ಹಳಬರು ‘ಗೆರೆ ಮುಟ್ಟಿಸು’ ಅಂತಿದ್ರು. ಮೇಕಪ್‌ಗೆ ಅದಕ್ಕಿಂತ ಒಳ್ಳೇದು ನನಗೆ ಸಿಕ್ಕಿಲ್ಲ.

ಗೋಪಾಲಯ್ಯ:
‘ಗೆರೆ ಮುಟ್ಟಿಸು’ ಚೆನ್ನಾಗಿದೆ, ಒಪ್ಪಿದೆ. ಆದ್ರೆ ಎಲ್ಲರೂ ಶೇಕಡಾ ಶೇಕಡಾ ಅಂತಿದೀರಲ್ಲ, ನೂರಕ್ಕೆ ಅನ್ನೋಕೇನು ರೋಗ? ಮತ್ತೆ ಈ ಕಾನ್ಸಂಟ್ರೇಶನ್‌ಗೆ ಯಾರೂ ‘ಸಾಂದ್ರತೆ’ ಅಂತ ಬರೀಬೇಡಿ, ಪತ್ರಿಕೆಗಳಲ್ಲಿ ಅದೊಂದು ಚಟ ಆಗಿದೆ. ಗಟ್ಟಿ, ತೆಳು, ಎರಡು ಕನ್ನಡ ಪದ ಬಾಯಲ್ಲೇ ಇರುವಾಗ ಊರೆಲ್ಲಾ ಸಾಲ ಎತ್ತೋದು.

ನಾಗರತ್ನ:
ಸಾಂದ್ರತೆ ಬೇಡ ಅನ್ನೋದಕ್ಕೆ ನನ್ನ ಕಾರಣವೇ ಬೇರೆ, ಫಿಸಿಕ್ಸ್ ಪುಸ್ತಕದಲ್ಲಿ ಅದು ಡೆನ್ಸಿಟಿಗೆ ಹೋಗಿಬಿಟ್ಟಿದೆ, ಎರಡಕ್ಕೂ ಒಂದೇ ಪದ ಆದ್ರೆ ಆಲ್ಕೋಹಾಲಿನ ಸಾಲು ವಿವರಿಸೋದೇ ಕಷ್ಟ. ಸಾರತೆ ಸಾಕು. ತೆಳು ಪರವಾಗಿಲ್ಲ. ಡೈಲ್ಯೂಟ್‌ಗೆ ‘ದುರ್ಬಲ’ ಮಾತ್ರ ಬೇಡ, ದುರ್ಬಲ ಆಮ್ಲ ಅಂದ್ರೆ ವಿನೆಗರಲ್ಲಿರೋ ಥರದ್ದು, ಎಷ್ಟು ಗಟ್ಟಿ ಮಾಡಿದ್ರೂ ಅದು ದುರ್ಬಲವೇ.

ಸುಮಾ, ಒಂದು ಮಾತು. 125 ಅಂತ ಬರೆದು ಲ್ಯಾಮಿನೇಟ್ ಮಾಡೋ ಮುಂಚೆ ನಿಮ್ಮ ಸ್ಟೋರ್‌ಗೆ ಯಾವಾಗಲೂ 4% ಬಾಟಲಿಯೇ ಬರುತ್ತಾ ಕೇಳಿ. 5% ಬಂದ್ರೆ ನೂರೇ ಎಂಎಲ್, 10% ಬಂದ್ರೆ ಐವತ್ತು. ಹಳೇ ಬಾಟಲಿ ಆಗಿದ್ರೆ ಲೇಬಲ್ 4 ಅಂತಿದ್ರೂ ಒಳಗೆ ಕ್ಲೋರಿನ್ ಕಮ್ಮಿ ಆಗಿರುತ್ತೆ, ಬಿಸಿಲಲ್ಲಿ ಇಟ್ರೆ ಇನ್ನೂ ಬೇಗ, ಆಗ ನಿಮ್ಮ ಲೆಕ್ಕ ಕಾಗದದ ಮೇಲೆ ಎಷ್ಟು ಕೂಡಿದ್ರೂ ಅಷ್ಟೇ.

ಸುಮಾ:
ಸ್ಟೋರಲ್ಲಿ ಕೇಳಿದೆ, ಟೆಂಡರ್ ಯಾರಿಗೆ ಸಿಗುತ್ತೋ ಅವರ ಮೇಲೆ ಅಂತಾರೆ. ಹಾಗಾಗಿ ನೀರಿನ ಕಾಲಂ ಕಿತ್ತಾಕಿ ಹೀಗೆ ಬರೆದಿದೀನಿ:

‘ಬಾಟಲಿ ಮೇಲೆ 4% ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಕೇಳದೆ ಮಾಡಬೇಡಿ. 1 ಲೀಟರಿನ ಅಳತೆ ಜಾಡಿಗೆ ಅರ್ಧದಷ್ಟು ನೀರು ಹಾಕಿ. 125 ಎಂಎಲ್ ಹೈಪೋಕ್ಲೋರೈಟ್ ಹಾಕಿ. ಮತ್ತೆ ನೀರು ಹಾಕುತ್ತಾ 1 ಲೀಟರಿನ ಗೆರೆ ಮುಟ್ಟಿಸಿ. ಗೆರೆ ದಾಟಿದರೆ ಚೆಲ್ಲಿ ಮತ್ತೆ ಮಾಡಿ.’

ಡೈಲ್ಯೂಟ್ ಅನ್ನೋ ಪದವೇ ಬೇಕಾಗಲಿಲ್ಲ. ಶಿವಮ್ಮನಿಗೆ ಓದಿಸಿದೆ, ಅರ್ಥ ಆಯ್ತು, ಆದ್ರೆ ‘ದಾಟಿದ್ರೆ ಮೇಲಿಂದ ಸ್ವಲ್ಪ ತೆಗೆದ್ರೆ ಸಾಲ್ದಾ’ ಅಂತ ಕೇಳಿದ್ರು.

ನಾಗರತ್ನ:
ಸಾಲದು. ತೆಗೆಯೋದು ಆಗಲೇ ತೆಳುವಾಗಿರೋದನ್ನ, ಗೆರೆ ಸರಿಹೋಗುತ್ತೆ, ಸಾರತೆ ಹೋಗಿದ್ದು ವಾಪಸ್ ಬರಲ್ಲ. ನೀವು ಬರೆದಿರೋದು ಸರಿಯಾಗಿದೆ, ಕಳಿಸಿ.

ಕೃಷ್ಣಮೂರ್ತಿ, ತೀರ್ಥಹಳ್ಳಿ:
ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಗೋಪಾಲಯ್ಯ:
‘ಲೀಟರಿನ’ ಸರಿ, ಆದ್ರೆ ಎಂಎಲ್ ಅಂತ ಬರೆದು ಅದರ ಪಕ್ಕದಲ್ಲೇ ಅಚ್ಚಗನ್ನಡ ಜಾಡಿ! ಜಾಡಿ ಎಲ್ಲಿಂದ ಬಂತು ಅನ್ನೋದರ ಬಗ್ಗೆ ಬೇರೆ ಓಲೆ ಹಾಕ್ತೀನಿ.