ಮಲಗೋ ಮುಂಚೆ ಒಂದು ಕೈ ಸಾಲಿಟೇರ್

ವೆಂಕ: ರಾತ್ರಿ ಮೊಬೈಲಲ್ಲಿ ಸಾಲಿಟೇರ್ ಆಡಿದ್ರೆ ನಿದ್ದೆ ಬರುತ್ತಂತಲ್ಲೋ?

ಶೀನ: ಬರುತ್ತೆ, ಆ್ಯಪ್ ಬರೋಕೆ ಬಿಟ್ಟರೆ. ಆಟ ತಣ್ಣಗೇ ಇರುತ್ತೆ ಮಾರಾಯ, ಅದರ ಮೈಮೇಲಿನ ಒಡವೆಗಳದ್ದೇ ಗದ್ದಲ. ಗಡಿಯಾರ ಓಡುತ್ತೆ, ಅಂಕ ಏರುತ್ತೆ, ಗೆದ್ದರೆ ಎಲೆಗಳೆಲ್ಲ ಪುಟಿಯುತ್ತವೆ.

ಪದ್ಮಾ: ಅದಕ್ಕೇ ಮೊದಲು ಸೆಟ್ಟಿಂಗ್ಸ್ ತೆಗಿ. ಟೈಮರ್, ಅಂಕ, ಸದ್ದು, ಆಟೋ ಕಂಪ್ಲೀಟ್ ನಾಲ್ಕನ್ನೂ ಆರಿಸು. ಫೋನಿನ ಅನಿಮೇಷನ್ ಆರಿಸಿದ್ರೆ ಸಾಲದು, ಎಷ್ಟೋ ಆಟಗಳು ಅದಕ್ಕೆ ಕ್ಯಾರೇ ಅನ್ನಲ್ಲ.

ಶೀನ: ಅಂಕವನ್ನ ಡಾಲರಲ್ಲಿ ಎಣಿಸೋ ವೇಗಸ್ ಲೆಕ್ಕವನ್ನಂತೂ ಮುಟ್ಟಲೇಬೇಡ. ಕಟ್ಟು ಕೈಗೆ ಬರೋದ್ರೊಳಗೆ 52 ಡಾಲರ್ ಸಾಲ, ಮೇಲೆ ಕಳಿಸಿದ ಎಲೆಗೆ ತಲಾ 5 ವಾಪಸ್. ಹನ್ನೊಂದು ಎಲೆ ಏರೋವರೆಗೂ ನೀನು ಸಾಲಗಾರ!

ವೆಂಕ: ಹಗಲಿನ ಇಎಂಐ ಸಾಲದೂಂತ ಇದೊಂದು ಬೇರೆ!

ಪದ್ಮಾ: ಇನ್ನು ಜಾಹೀರಾತು. ಒಂದಾಟ ಮುಗೀತು ಅನ್ನೋಷ್ಟರಲ್ಲಿ ಕತ್ತಲ ಕೋಣೆಯಲ್ಲಿ ಬಿಳೀ ಬೆಳಕು ಮುಖಕ್ಕೆ ರಾಚುತ್ತೆ. ಏರೋಪ್ಲೇನ್ ಮೋಡ್ ಹಾಕಿದ್ರೆ ಬಹುಪಾಲು ನಿಲ್ಲುತ್ತೆ.

ವೆಂಕ: ಬೆಳಗ್ಗೆ ಅಲಾರಂ?

ಪದ್ಮಾ: ಅದು ಹೊಡಕೊಳ್ಳುತ್ತೆ, ಆ ನೆಪ ಸಿಗಲ್ಲ ನಿನಗೆ. ಆದ್ರೆ ನಿಜವಾದ ಇಸ್ಪೀಟೇ ವಾಸಿ ಕಣೋ. ಹಾಸಿಗೆ ಮೇಲೆ ಬೇಡ, ಮಗ್ಗುಲು ಬದಲಿಸಿದ್ರೆ ಸಾಲೆಲ್ಲ ಕಲಸಿಹೋಗುತ್ತೆ. ಅಗಲವಾದ ತಟ್ಟೆ ಇಟ್ಕೊ. ಏಳು ಸಾಲು: ಮೊದಲನೇದಕ್ಕೆ ಒಂದೆಲೆ, ಏಳನೇದಕ್ಕೆ ಏಳು, ಒಟ್ಟು 28. ಪ್ರತಿ ಸಾಲಿನ ಕೊನೇ ಎಲೆ ಮಾತ್ರ ತೆರೆದಿರಲಿ. ಉಳಿದ 24 ಕೈಯಲ್ಲಿ. ಮೂರು ಮೂರು ಬೇಡ, ಒಂದೊಂದೇ ಎಳೆ.

ವೆಂಕ: ಕಪ್ಪಿನ ಮೇಲೆ ಕೆಂಪು, ಕೆಂಪಿನ ಮೇಲೆ ಕಪ್ಪು, ಇಳಿಕೆ ಕ್ರಮ. ಎಕ್ಕ ಬಂದ್ರೆ ಮೇಲಕ್ಕೆ. ಅಷ್ಟು ಗೊತ್ತು.

ಪದ್ಮಾ: ಹಾಗಾದ್ರೆ ಹೇಳು. ಒಂದು ಕಡೆ ಕಳಾವರ್ ಎಂಟು ತೆರೆದಿದೆ. ಎರಡನೇ ಸಾಲಲ್ಲಿ ಆಟೀನ್ ಏಳು, ಆರನೇದರಲ್ಲಿ ಡೈಮಂಡ್ ಏಳು. ಯಾವುದನ್ನ ಎತ್ತುತ್ತೀಯ?

ವೆಂಕ: ಎರಡನೇದು! ಸಾಲು ಬೇಗ ಖಾಲಿಯಾಗುತ್ತೆ.

ಶೀನ: ಖಾಲಿ ಜಾಗಕ್ಕೆ ರಾಜ ಮಾತ್ರ ಬರಬಹುದು. ಕೈಲಿ ರಾಜನೇ ಇಲ್ಲದಿದ್ರೆ ಸಿಂಹಾಸನ ಕಾಯ್ತಾ ಕೂರು.

ಪದ್ಮಾ: ಆರನೇ ಸಾಲಲ್ಲಿ ಐದೆಲೆ ಮುಚ್ಚಿವೆ, ಎರಡನೇದರಲ್ಲಿ ಒಂದೇ. ಸಾಮಾನ್ಯವಾಗಿ ಜಾಸ್ತಿ ಮುಚ್ಚಿರೋ ಕಡೆಯಿಂದಲೇ ಎತ್ತು. ಯೋಚನೆ ಅಷ್ಟೇ ಸಣ್ಣದು, ಎದೆ ಹೊಡಕೊಳ್ಳಲ್ಲ.

ವೆಂಕ: ಸಿಕ್ಕಿಹಾಕ್ಕೊಂಡ್ರೆ?

ಪದ್ಮಾ: ಕೈಯ ಕಟ್ಟನ್ನ ಪೂರ್ತಿ ಒಂದು ಸುತ್ತು ತಿರುವಿ ಹಾಕು. ಒಂದೆಲೆಯೂ ಎಲ್ಲೂ ಕೂರಲಿಲ್ಲ, ಸಾಲುಗಳೂ ಅಲುಗಲಿಲ್ಲ ಅಂದ್ರೆ ಸಾಮಾನ್ಯವಾಗಿ ಆಟ ಸತ್ತಂತೆ. ಇನ್ನೊಂದು ಸುತ್ತು ಹಾಕಿದ್ರೂ ಅದೇ ಎಲೆಗಳು ಅದೇ ಕ್ರಮದಲ್ಲಿ ಬರೋದು.

ಶೀನ: ನಿದ್ದೆ ಕೆಡೋದು ಅಲ್ಲೇ ನೋಡು. ಸೋತವನು "ಇನ್ನೊಂದೇ ಕೈ" ಅಂತಾನೆ. ಮೊಬೈಲಲ್ಲಿ ಅದಕ್ಕೆ ಬೆರಳು ತಾಗಿಸಿದ್ರೆ ಸಾಕು. ತಟ್ಟೆಯಲ್ಲಾದ್ರೆ 52 ಎಲೆ ಬಳಿದು, ಕಲಸಿ, ಮತ್ತೆ 28 ಹಾಸಬೇಕು.

ವೆಂಕ: ಅಷ್ಟು ಯಾರು ಮಾಡ್ತಾರೆ? ಸೋಮಾರಿತನ ಬಿಡಲ್ಲ.

ಪದ್ಮಾ: ಅದನ್ನೇ ನಂಬಿಕೊಂಡು ತಟ್ಟೆ ಇಡೂ ಅಂದದ್ದು.